ಸ್ಕ್ರಿಪ್ಟಲ್ಲಿ "ತಣ್ಣನೆಯ ನೀಲಿ" ಅಂತ ಬರೆದೆ, ಅಮ್ಮನ ಕುಂಕುಮ ಕಪ್ಪಾಯಿತು

ಮಳೆ_ಹುಡುಗ (ಶನಿವಾರ, ರಾತ್ರಿ 9:10)

ಎಲ್ಲರಿಗೂ ನಮಸ್ಕಾರ. ನಾನು ಬರೆದು ನಿರ್ದೇಶಿಸಿದ 22 ನಿಮಿಷದ ಕಿರುಚಿತ್ರದ ಡಿಐ, ಅಂದರೆ ಬಣ್ಣ ತಿದ್ದುವ ಕೆಲಸ, ಮೊನ್ನೆ ಮುಗಿಯಿತು. ಸಾಗರದ ಹತ್ತಿರ ದೊಡ್ಡಪ್ಪನ ಮನೆಯಲ್ಲಿ ನಾಲ್ಕು ದಿನ ಶೂಟ್ ಮಾಡಿದ್ದೆವು. 14ನೇ ದೃಶ್ಯ ನೋಡಿ ನನಗೇ ಗಾಬರಿಯಾಯಿತು.

ದೃಶ್ಯ ಇಷ್ಟೇ. ರಾತ್ರಿ, ಮಳೆ, ಕರೆಂಟು ಹೋಗಿದೆ. ಅಮ್ಮ ಅಡುಗೆಮನೆಯಲ್ಲಿ ಒಲೆ ಮುಂದೆ ಕೂತಿದ್ದಾಳೆ. ಮಗಳು ಕಿಟಕಿ ಪಕ್ಕ ನಿಂತು, ಕೆಲಸ ಸಿಕ್ಕಿದೆ, ಸೋಮವಾರ ಬೆಂಗಳೂರಿಗೆ ಹೋಗ್ತೀನಿ ಅನ್ನುತ್ತಾಳೆ. ದೃಶ್ಯದ ತಲೆಯಲ್ಲೇ ನಾನು "ಮೂಡ್: ತಣ್ಣನೆಯ ನೀಲಿ, ಒಂಟಿತನ" ಎಂದು ಬರೆದಿದ್ದೆ. ಲೈಟಿನವರಿಗೂ ಕಲರಿಸ್ಟಿಗೂ ಅದೇ ಪ್ರತಿ ಕೊಟ್ಟಿದ್ದೆ. ಇಬ್ಬರೂ ಒಂದೇ ಮಾತು ಓದಿದರೆ ಇಬ್ಬರ ಕೆಲಸವೂ ಒಂದೇ ಕಡೆ ಹೋಗುತ್ತದೆ ಅಂದುಕೊಂಡಿದ್ದೆ.

ಹೋಯಿತು, ಆದರೆ ಜಾಸ್ತಿಯೇ ಹೋಯಿತು. ಲೈಟಿನವರು ನೀಲಿ ಪೇಪರ್ ಹಾಕಿದರು. ಕಲರಿಸ್ಟ್ ಅದರ ಮೇಲೆ ಮತ್ತೆ ನೀಲಿ ಸೇರಿಸಿದರು. ಈಗ ಅಮ್ಮನ ಮುಖ ಸೀಸದ ಬಣ್ಣಕ್ಕೆ ತಿರುಗಿದೆ, ಒಲೆಯ ಬೆಂಕಿ ಗುಲಾಬಿಯಾಗಿದೆ. ಹಣೆಯ ಕುಂಕುಮ ಕಪ್ಪು ಬೊಟ್ಟಿನ ಹಾಗೆ ಕಾಣುತ್ತದೆ. ನನ್ನ ಅಕ್ಕ ನೋಡಿ "ಯಾರಾದ್ರೂ ಸತ್ತಿದ್ದಾರಾ?" ಅಂದಳು.

ಯಾರ ಮೇಲೂ ದೂರಿಲ್ಲ, ಇಬ್ಬರೂ ನಾನು ಬರೆದದ್ದನ್ನೇ ಮಾಡಿದ್ದಾರೆ. ಹಾಗಾದರೆ ಇಂಥ ಟಿಪ್ಪಣಿಯನ್ನು ಸ್ಕ್ರಿಪ್ಟಲ್ಲಿ ಹೇಗೆ ಬರೆಯಬೇಕು?

ಪೇಪರ್_ರಾಮು (9:32)

ಇದಕ್ಕೆ ಸ್ಟ್ಯಾಂಡರ್ಡ್ ಪದ್ಧತಿಯೇ ಇದೆ ಬ್ರದರ್. ಮೊದಲ ಪ್ರತಿ ಬಿಳಿ ಹಾಳೆ. ಬದಲಾವಣೆ ಬಂದರೆ ನೀಲಿ ಹಾಳೆ, ಆಮೇಲೆ ಗುಲಾಬಿ, ಹಳದಿ, ಹಸಿರು. ಯಾರ ಕೈಲಿ ಯಾವ ಬಣ್ಣ ಇದೆ ಅಂತ ನೋಡಿದರೆ ಹಳೇ ಪ್ರತಿ ಯಾರ ಹತ್ತಿರ ಇದೆ ಅಂತ ತಕ್ಷಣ ಗೊತ್ತಾಗುತ್ತೆ. ನಿಮ್ಮ ಸೆಟ್‌ನಲ್ಲಿ ಇದನ್ನು ಪಾಲಿಸಿಲ್ಲ ಅನ್ಸುತ್ತೆ.

ಮಳೆ_ಹುಡುಗ (9:36)

ರಾಮು ಅವರೇ, ಅದು ಹಾಳೆಯ ಬಣ್ಣ. ನಾನು ಕೇಳಿದ್ದು ಚಿತ್ರದ ಬಣ್ಣ. 😅

ಪೇಪರ್_ರಾಮು (9:41)

ಓ ಹೌದಾ. ಶೀರ್ಷಿಕೆ ಸರಿಯಾಗಿ ಓದಲಿಲ್ಲ. ಆದರೂ ಹೇಳಿದ್ದು ವೇಸ್ಟ್ ಏನಲ್ಲ, ಮುಂದೆ ಬೇಕಾಗುತ್ತೆ ನೋಡಿ.

ಸಿನಿಮಾ_ಹುಚ್ಚ (9:50)

ಇದರಲ್ಲಿ ಅಷ್ಟು ತಲೆಕೆಡಿಸಿಕೊಳ್ಳುವಂಥದ್ದು ಏನೂ ಇಲ್ಲ ಗುರು. ರಾ ಫೂಟೇಜ್ ತಾನೇ? ವೈಟ್ ಬ್ಯಾಲೆನ್ಸ್ ಬದಲಿಸಿದರೆ ಮುಗೀತು. ನಾನು ಸೆಟ್‌ನಲ್ಲಿ ಬಣ್ಣದ ಪೇಪರೇ ಬಳಸಲ್ಲ. ಎಲ್ಲಾ ನ್ಯೂಟ್ರಲ್ ಲೈಟ್, ಬಣ್ಣ ಪೂರ್ತಿ ಡಿಐನಲ್ಲಿ. ಸ್ಕ್ರಿಪ್ಟಲ್ಲಿ ಲೈಟಿನವರಿಗೆ ಏನೂ ಬರೆಯಬೇಡಿ, ಕಲರಿಸ್ಟಿಗೆ ಮಾತ್ರ ಬರೆಯಿರಿ. ಗೊಂದಲವೇ ಇರಲ್ಲ.

ಕತ್ತಲೆ_ಕೋಣೆ (10:15)

ನಾನು ಹನ್ನೊಂದು ವರ್ಷದಿಂದ ಕಲರಿಸ್ಟ್. ಉತ್ತರ ಹೇಳುವ ಮೊದಲು ನಾಲ್ಕು ಪ್ರಶ್ನೆ. ಕ್ಯಾಮೆರಾ ಎಷ್ಟು ಕೆಲ್ವಿನ್‌ಗೆ ಇಟ್ಟಿದ್ದಿರಿ? ನೀಲಿ ಪೇಪರ್ ಯಾವ ಯಾವ ಲೈಟಿಗೆ ಹಾಕಿದ್ದರು, ಕಿಟಕಿಗೆ ಮಾತ್ರವಾ, ಮುಖಕ್ಕೆ ಬಿದ್ದ ಲೈಟಿಗೂ ಹಾಕಿದ್ದರಾ? ಸೆಟ್‌ನಲ್ಲಿ ಮಾನಿಟರ್‌ಗೆ ಬಣ್ಣ ಬದಲಿಸಿ ತೋರಿಸುವ ಯಾವ ಲಟ್ ಹಾಕಿ ನೋಡುತ್ತಿದ್ದಿರಿ? ದೃಶ್ಯದ ಶುರುವಿನಲ್ಲಿ ಗ್ರೇ ಕಾರ್ಡ್ ಅಥವಾ ಕಲರ್ ಚಾರ್ಟ್ ಹಿಡಿದು ಒಂದು ಶಾಟ್ ತೆಗೆದಿರಾ?

ಮಳೆ_ಹುಡುಗ (10:28)

ಕ್ಯಾಮೆರಾ 3200ಕ್ಕೆ ಇತ್ತು ಮೇಡಂ. ಕಿಟಕಿ ಹೊರಗೆ ಟಂಗ್‌ಸ್ಟನ್ ಲೈಟಿಗೆ ಫುಲ್ ಸಿಟಿಬಿ. ಒಳಗೆ ಫಿಲ್‌ಗೂ ಅದೇ ಪೇಪರ್. ಮಾನಿಟರ್‌ಗೆ ಕ್ಯಾಮೆರಾಮನ್ ತಮ್ಮದೇ ಒಂದು ಲಟ್ ಹಾಕಿದ್ದರು, ಅದರಲ್ಲಿ ನೋಡಿದಾಗ ನೀಲಿ ಹದವಾಗಿಯೇ ಇತ್ತು. ಆ ಫೈಲ್ ಡಿಐಗೆ ಹೋಗಲಿಲ್ಲ. ಕ್ಯಾಮೆರಾಮನ್ ಬೇರೆ ಶೂಟ್‌ಗೆ ಹೋಗಿದ್ದರು, ಡಿಐನಲ್ಲಿ ಕೂರಲು ಆಗಲಿಲ್ಲ. ಚಾರ್ಟ್ ತೆಗೆದಿಲ್ಲ.

ಕತ್ತಲೆ_ಕೋಣೆ (10:55)

ನಿಮ್ಮ ಉತ್ತರದಲ್ಲೇ ಎಲ್ಲಾ ಇದೆ.

ಕಲರಿಸ್ಟಿನ ಜಾಗದಲ್ಲಿ ನನ್ನನ್ನು ಕೂರಿಸಿ ನೋಡಿ. ನನ್ನ ಮುಂದೆ ಲಾಗ್‌ನಲ್ಲಿ ತೆಗೆದ ಮಬ್ಬು ಚಿತ್ರ ಇದೆ. ಬಿಳಿ ಯಾವುದು ಅಂತ ತೋರಿಸಲು ಚಾರ್ಟ್ ಇಲ್ಲ. ಸೆಟ್‌ನಲ್ಲಿ ನೀವು ನೋಡಿ ಮೆಚ್ಚಿದ ಚಿತ್ರ ಹೇಗಿತ್ತು ಅಂತ ಗೊತ್ತಿಲ್ಲ. ಕೈಯಲ್ಲಿರುವುದು "ತಣ್ಣನೆಯ ನೀಲಿ" ಎಂಬ ಎರಡು ಪದ. ಇದನ್ನು ನಾನು ಏನಂತ ಓದಲಿ? ನೀಲಿ ಆಗಲೇ ಬಂದಿದೆ, ಕಾಪಾಡು ಅಂತಲಾ? ಇನ್ನೂ ಬಂದಿಲ್ಲ, ಸೇರಿಸು ಅಂತಲಾ? ಲಾಗ್ ಚಿತ್ರದಲ್ಲಿ ಬಣ್ಣ ಹೇಗೂ ತೆಳುವಾಗಿಯೇ ಕಾಣುತ್ತದೆ. ಸೇರಿಸು ಅಂತಲೇ ಓದಿಕೊಳ್ಳುತ್ತೇನೆ. ನಿಮ್ಮ ಕಲರಿಸ್ಟೂ ಅದನ್ನೇ ಮಾಡಿದ್ದಾರೆ.

ಹಾಗಾಗಿ ಟಿಪ್ಪಣಿಯಲ್ಲಿ ಬಣ್ಣದ ಹೆಸರಿನ ಜೊತೆಗೆ ಆ ಬಣ್ಣ ಎಲ್ಲಿ ಹುಟ್ಟಬೇಕು ಅಂತ ಇರಲೇಬೇಕು. ಲೈಟಲ್ಲೇ ಬರಬೇಕಾ, ಡಿಐನಲ್ಲಿ ಬರಬೇಕಾ. ಇಬ್ಬರಿಗೂ ಒಂದೇ ಸಾಲು ಕೊಟ್ಟು ಸುಮ್ಮನಾದರೆ ಇಬ್ಬರೂ ಅದನ್ನು ತಮ್ಮ ಪಾಲಿನ ಕೆಲಸ ಅಂದುಕೊಳ್ಳುತ್ತಾರೆ. ಒಂದೇ ಸಾರಿಗೆ ಅತ್ತೆಯೂ ಸೊಸೆಯೂ ಉಪ್ಪು ಹಾಕಿದ ಹಾಗೆ.

ಸಿನಿಮಾ_ಹುಚ್ಚ ಅವರೇ, ನೀವು ಹೇಳಿದ್ದರಲ್ಲಿ ಅರ್ಧ ಸರಿ. ರಾ ಆದರೆ ವೈಟ್ ಬ್ಯಾಲೆನ್ಸ್ ಆಮೇಲೆ ಬದಲಿಸಬಹುದು. ಆದರೆ ಬದಲಿಸಿದಾಗ ಇಡೀ ಚಿತ್ರ ಒಟ್ಟಿಗೆ ಸರಿಯುತ್ತದೆ. ಒಲೆಯೂ ಸರಿಯುತ್ತದೆ, ಕಿಟಕಿಯೂ ಸರಿಯುತ್ತದೆ, ನಡುವಿನ ಅಂತರ ಮಾತ್ರ ಇದ್ದಷ್ಟೇ ಇರುತ್ತದೆ. ಈ ದೃಶ್ಯಕ್ಕೆ ಬೇಕಾಗಿದ್ದದ್ದು ಆ ಅಂತರವೇ. ಅಮ್ಮ ಬಿಸಿ ಬೆಳಕಲ್ಲಿ, ಮಗಳು ತಣ್ಣನೆ ಬೆಳಕಲ್ಲಿ. ಫಿಲ್‌ಗೂ ನೀಲಿ ಹಾಕಿದ ಮೇಲೆ ಅಂತರವೇ ಉಳಿಯಲಿಲ್ಲ. ಇಲ್ಲದ್ದನ್ನು ನಾನು ಎಲ್ಲಿಂದ ತರಲಿ?

ಸಿನಿಮಾ_ಹುಚ್ಚ (11:02)

ಮಾಸ್ಕ್ ಹಾಕಿ ಅಮ್ಮನ ಮುಖ ಬೇರೆ ಮಾಡಬಹುದಲ್ವಾ?

ಕತ್ತಲೆ_ಕೋಣೆ (11:09)

ಮಾಡಬಹುದು. ಕ್ಯಾಮೆರಾ ಟ್ರೈಪಾಡ್ ಮೇಲಿದ್ದು, ಅಮ್ಮ ಅಲುಗಾಡದೆ ಕೂತು, ನಡುವೆ ಹೊಗೆ ಇಲ್ಲದಿದ್ದರೆ ಐದು ನಿಮಿಷದ ಕೆಲಸ. ಇಲ್ಲಿ ಒಲೆ ಇದೆ. ಹೊಗೆ ಮುಖದ ಮೇಲೆ ಹಾದರೆ ಮಾಸ್ಕ್‌ನ ಅಂಚು ಎದ್ದು ಕಾಣುತ್ತದೆ. ಮೂವತ್ತು ಶಾಟ್‌ಗೆ ಅದನ್ನು ಮಾಡುತ್ತಾ ಕೂತರೆ ನಿಮ್ಮ ಡಿಐ ಬಜೆಟ್ ಅಲ್ಲೇ ಖಾಲಿ.

ಲೈಟ್_ಬಸಣ್ಣ (11:40)

ಈಗ ಶೂಟ್ ಮುಗಿಸಿ ರೂಮಿಗೆ ಬಂದೆ. ಎಲ್ಲಾ ಓದಿದೆ. ಲೈಟಿನವನಾಗಿ ನಾನೂ ನಾಲ್ಕು ಮಾತು ಹೇಳುತ್ತೇನೆ.

ತಮ್ಮಾ, "ಒಂಟಿತನ" ಅಂದರೆ ಯಾವ ಲೈಟು? ನನಗೆ ಅದು ಗೊತ್ತಿಲ್ಲ. ಕರೆಂಟು ಹೋಗಿದೆ ಅಂತ ಬರೆದಿದ್ದೀಯಲ್ಲ, ಅದು ನನಗೆ ಬೇಕಾದ ಮಾತು. ಕರೆಂಟಿಲ್ಲ ಅಂದರೆ ಬಲ್ಬಿಲ್ಲ. ಬೆಳಕು ಬರೋಕೆ ಎರಡೇ ದಾರಿ, ಒಲೆ ಮತ್ತು ಕಿಟಕಿ. ನೀನು ಅಷ್ಟು ಬರೆದು ಬಿಟ್ಟಿದ್ದರೆ ಯಾವ ಲೈಟ್‌ಮ್ಯಾನೂ ಅಮ್ಮನ ಮುಖಕ್ಕೆ ನೀಲಿ ಹಾಕುತ್ತಿರಲಿಲ್ಲ. ಒಲೆ ಮುಂದೆ ಕೂತವಳ ಮುಖಕ್ಕೆ ನೀಲಿ ಎಲ್ಲಿಂದ ಬರಬೇಕು? ಮೇಲೆ ನೀಲಿ ಅಂತ ದಪ್ಪಕ್ಷರದಲ್ಲಿ ಬರೆದೆ ನೋಡು, ಅದಕ್ಕೆ ಅವರು ಇಡೀ ಮನೆಗೇ ನೀಲಿ ಹೊಡೆದರು.

ಇನ್ನೊಂದು. ಮಳೆಗಾಲದ ಸೌದೆ ಹಸಿ ಇರುತ್ತದೆ, ಹೊಗೆ ಜಾಸ್ತಿ, ಬೆಂಕಿ ಕಡಿಮೆ. ಆ ಬೆಂಕಿಯಿಂದ ಮುಖಕ್ಕೆ ಕ್ಯಾಮೆರಾಗೆ ಸಾಕಾಗುವಷ್ಟು ಬೆಳಕು ಬರಲ್ಲ. ಅದಕ್ಕೇ ಅವರು ಫಿಲ್ ತಂದಿರಬೇಕು. ನಾನಾಗಿದ್ದರೆ ಒಲೆ ಪಕ್ಕ, ಪಾತ್ರೆ ಹಿಂದೆ, ಕ್ಯಾಮೆರಾಗೆ ಕಾಣದ ಹಾಗೆ ನೂರು ವ್ಯಾಟಿನ ಹಳೇ ಕಾಲದ ಬಲ್ಬ್ ಇಟ್ಟು ಡಿಮ್ಮರ್‌ಗೆ ಕೊಡುತ್ತಿದ್ದೆ. ಆ ಬಲ್ಬ್ ಇಳಿಸಿದಷ್ಟೂ ಕೆಂಪಾಗುತ್ತದೆ, ಬೇಕಾದರೆ ಮೇಲೆ ಅರ್ಧ ಸಿಟಿಒ ಕಿತ್ತಳೆ ಪೇಪರ್. ಒಬ್ಬ ಹುಡುಗ ಮುಂದೆ ಬೆರಳು ಆಡಿಸುತ್ತಾ ಕೂತರೆ ಬೆಂಕಿ ಆಡಿದ ಹಾಗೇ ಇರುತ್ತದೆ.

ಕಿಟಕಿಗೂ ಫುಲ್ ಸಿಟಿಬಿ ಯಾಕೆ? ಟಂಗ್‌ಸ್ಟನ್‌ಗೆ ಫುಲ್ ಹಾಕಿದರೆ ಸುಮಾರು 5700 ಆಗುತ್ತದೆ, ಅರ್ಧ ಹಾಕಿದರೆ 4300 ಆಸುಪಾಸು. ಕ್ಯಾಮೆರಾ 3200ಕ್ಕೆ ಇದ್ದಾಗ ಅರ್ಧದ್ದೇ ಮಳೆ ರಾತ್ರಿಗೆ ಸಾಕು. ಫುಲ್ ಪೇಪರ್ ಬೆಳಕನ್ನೂ ತಿನ್ನುತ್ತದೆ, ಮೂರರಲ್ಲಿ ಒಂದು ಪಾಲು ಹೊರಗೆ ಬಂದರೆ ಹೆಚ್ಚು. ಆಮೇಲೆ ಲೈಟ್ ಸಾಲದು ಅಂತ ಇನ್ನೊಂದು ತರಿಸಬೇಕು, ಜನರೇಟರ್ ಕೊಯ್ಯೋ ಅನ್ನುತ್ತದೆ.

ಮಳೆ_ಹುಡುಗ (11:52)

ಬಸಣ್ಣ, ನೀವು ಹೇಳಿದ್ದು ಓದಿ ನಾಚಿಕೆಯೇ ಆಯಿತು. ಸೌದೆ ಹಸಿ ಇದ್ದದ್ದು ನಿಜ. ಆವತ್ತು ಊದುಕೊಳವೆಯಲ್ಲಿ ಊದಿ ಊದಿ ಸಾಕಾಗಿತ್ತು.

ಎಲ್ಲರ ಮಾತು ಸೇರಿಸಿ ಟಿಪ್ಪಣಿ ಮತ್ತೆ ಬರೆದಿದ್ದೇನೆ. ನೋಡಿ ಹೇಳಿ. ನಾನು ಸ್ಕ್ರಿಪ್ಟನ್ನು ಫೌಂಟನ್ ಫಾರ್ಮ್ಯಾಟ್‌ನಲ್ಲಿ ಬರೆಯುವುದು.

```
.ಒಳಗೆ ಅಡುಗೆಮನೆ - ರಾತ್ರಿ #14#

[[ಲುಕ್: ಕಿಟಕಿ 4300K, ಒಲೆ 2000K, ಕ್ಯಾಮೆರಾ 3200K.
ನೆರಳಿನ ಬಣ್ಣ #1B2A41, ಹೈಲೈಟ್ #E8A15C.
ಕಾಂಟ್ರಾಸ್ಟ್ 4:1. ಮೂಡ್: ಒಂಟಿತನ, ಅಗಲಿಕೆ, ಹೇಳಲಾಗದ ನೋವು.]]
```

ಲೈಟ್_ಬಸಣ್ಣ (11:58)

ಆ ಶಾರ್ಪ್ ಒಂದು ಬಿ ಎರಡು ಎ ನಂಬರಿನ ಪೇಪರ್ ನಮ್ಮ ಲೈಟ್ ಯೂನಿಟ್‌ನಲ್ಲಿ ಸಿಗಲ್ಲ ತಮ್ಮಾ. 😂

ಕತ್ತಲೆ_ಕೋಣೆ (ಭಾನುವಾರ, ಬೆಳಿಗ್ಗೆ 7:45)

ಇದು ಇನ್ನೊಂದು ತುದಿಗೆ ಹೋಯಿತು. ಆ ನಂಬರು ವೆಬ್‌ಸೈಟ್ ಮಾಡುವವರಿಗೆ. ಅದು ಪರದೆಯ ಮೇಲಿನ ಬಣ್ಣ. ನೆರಳು ಬಿದ್ದಿರುವುದು ಮಸಿ ಹಿಡಿದ ಗೋಡೆ ಮೇಲಾ, ಅಮ್ಮನ ಸೀರೆ ಮೇಲಾ ಅನ್ನುವುದರ ಮೇಲೆ ಬಣ್ಣ ಬದಲಾಗುತ್ತದೆ. ಒಂದೇ ನಂಬರು ಇಡೀ ನೆರಳಿಗೆ ಕೊಟ್ಟರೆ ನಾನು ಪಾಲಿಸಲೂ ಆಗಲ್ಲ, ತಪ್ಪಿದೆ ಅಂತ ಹೇಳಲೂ ಆಗಲ್ಲ.

ಮೋಡ_ಕವಿದಿದೆ (8:30)

ನಾನು ಛಾಯಾಗ್ರಾಹಕ. ಸ್ಕ್ರಿಪ್ಟ್ ಬರೆಯುವ ಹಂತದಲ್ಲಿ ಕೆಲ್ವಿನ್, 4:1 ಎಲ್ಲಾ ಬೇಡವೇ ಬೇಡ. ಆ ಲೆಕ್ಕ ಜಾಗ ನೋಡಿದ ಮೇಲೆ ಮಾಡುವಂಥದ್ದು. ನಿಮ್ಮ ದೊಡ್ಡಪ್ಪನ ಮನೆಯ ಅಡುಗೆಮನೆ ನೆಲ ರೆಡ್ ಆಕ್ಸೈಡಾ? ಹಾಗಿದ್ದರೆ ಮೇಲಿಂದ ಎಂಥ ಲೈಟ್ ಬಿದ್ದರೂ ನೆಲ ತಾಗಿ ಕೆಳಗಿನಿಂದ ಗಲ್ಲಕ್ಕೆ ಕೆಂಪು ಹೊಡೆಯುತ್ತದೆ. ಅದು ಸ್ಕ್ರಿಪ್ಟಲ್ಲಿ ಕೂತವರಿಗೆ ಗೊತ್ತಾಗಲ್ಲ. ಫ್ರೇಮ್ ಹೊರಗೆ ನೆಲದ ಮೇಲೆ ಕಪ್ಪು ಬಟ್ಟೆ ಹಾಸಿದರೆ ನಿಲ್ಲುತ್ತದೆ. ಕೆಲವೊಮ್ಮೆ ಆ ಕೆಂಪು ಚೆನ್ನಾಗಿಯೇ ಇರುತ್ತದೆ, ಬಿಟ್ಟುಬಿಡುತ್ತೇನೆ.

ನಾನು ಬರಹಗಾರರಿಂದ ಕೇಳುವುದು ಒಂದೇ ಒಂದು. ಏನು ಬದಲಾಗಬೇಕು ಅಂತ ಎಲ್ಲರೂ ಬರೆಯುತ್ತಾರೆ. ಏನು ಬದಲಾಗಬಾರದು ಅಂತ ಯಾರೂ ಬರೆಯಲ್ಲ. ಈ ದೃಶ್ಯದಲ್ಲಿ ಅದು ಕುಂಕುಮ. ಕುಂಕುಮ ಕೆಂಪಾಗಿ ಕಾಣಬೇಕಾದರೆ ಅದರ ಮೇಲೆ ಕೆಂಪು ಇರುವ ಬೆಳಕು ಬೀಳಬೇಕು. ಬರೀ ನೀಲಿ ಬೆಳಕು ಬಿದ್ದರೆ ಕುಂಕುಮ ಅದನ್ನು ನುಂಗಿ ಕಪ್ಪಾಗಿ ಕೂರುತ್ತದೆ. "ಕುಂಕುಮ ಕೆಂಪೇ ಇರಬೇಕು" ಅಂತ ಒಂದು ಸಾಲು ಇದ್ದಿದ್ದರೆ ಲೈಟಿನವರು ಫಿಲ್ ಹಾಕಿದ ಕ್ಷಣಕ್ಕೇ ಅನುಮಾನ ಪಡುತ್ತಿದ್ದರು. ಕಲರಿಸ್ಟೂ ಕೈ ತಡೆಯುತ್ತಿದ್ದರು. ಇಬ್ಬರೂ ಒಂದೇ ವಸ್ತು ನೋಡಿ ಅಳತೆ ಮಾಡುತ್ತಿದ್ದರು.

ಪ್ರತಿ ದೃಶ್ಯಕ್ಕೂ ಇಂಥ ಒಂದು ವಸ್ತು ಹುಡುಕಿ. ಬಿಳಿ ಪಂಚೆ, ಬಾಳೆ ಎಲೆ, ಅರಿಶಿನ, ಶಾಲೆ ಸಮವಸ್ತ್ರ, ಯಾವುದಾದರೂ ಸರಿ. ನೋಡುಗರಿಗೆ ಅದರ ನಿಜ ಬಣ್ಣ ಮೊದಲೇ ಗೊತ್ತಿರಬೇಕು ಅಷ್ಟೇ.

ಮಸಿ_ಕುಡಿಕೆ (9:05)

ಒಂದು ಅಪಸ್ವರ. ನಾನು ಇಪ್ಪತ್ತು ವರ್ಷದಿಂದ ಚಿತ್ರಕಥೆ ಬರೆಯುತ್ತಿದ್ದೇನೆ. ಸ್ಕ್ರಿಪ್ಟಲ್ಲಿ ಬಣ್ಣದ ಟಿಪ್ಪಣಿಯೇ ತಪ್ಪು ಅನ್ನುವವನು ನಾನು. "ಒಲೆಯ ಬೆಳಕು ಅವಳ ಕೈಯವರೆಗೆ ಮಾತ್ರ ಬರುತ್ತದೆ, ಮಗಳ ತನಕ ಹೋಗುವುದಿಲ್ಲ" ಅಂತ ಕ್ರಿಯೆಯ ಸಾಲಲ್ಲೇ ಬರೆದರೆ ಲೈಟು, ಬಣ್ಣ, ಭಾವ ಎಲ್ಲಾ ಬಂತಲ್ಲ? ಬ್ರ್ಯಾಕೆಟ್ ಒಳಗೆ ಬೇರೆ ಪಾಠ ಯಾಕೆ? ನಟರೂ ಅದೇ ಪ್ರತಿ ಓದುತ್ತಾರೆ. "ಮೂಡ್: ಒಂಟಿತನ" ಅಂತ ಓದಿದ ನಟಿ ಮೊದಲ ಸಾಲಿಗೇ ಅಳುಮುಖ ಮಾಡಿಕೊಂಡು ಬರುತ್ತಾಳೆ. ನನ್ನ ಕಣ್ಣಾರೆ ನೋಡಿದ್ದೇನೆ.

ಮೋಡ_ಕವಿದಿದೆ (9:20)

ಆ ಸಾಲು ಚೆನ್ನಾಗಿದೆ ಸರ್, ನಾನೇ ಕದಿಯುತ್ತೇನೆ. ಆದರೆ ಅದರಲ್ಲಿ ಯಾರು ಮಾಡಬೇಕು ಅನ್ನುವುದು ಇಲ್ಲ. ಕಲರಿಸ್ಟ್ ಅದನ್ನು ಓದಿ ಮಗಳ ಕಡೆ ಇನ್ನಷ್ಟು ಕತ್ತಲೆ ಮಾಡಿದರೆ?

ಮಸಿ_ಕುಡಿಕೆ (9:26)

ಅದಕ್ಕೆ ಛಾಯಾಗ್ರಾಹಕ ಡಿಐನಲ್ಲಿ ಕೂರಬೇಕು. ಕೂರದಿದ್ದರೆ ಅದು ಬರಹದ ತಪ್ಪಾ?

ಮೋಡ_ಕವಿದಿದೆ (9:31)

ಕೂರಬೇಕು, ಒಪ್ಪಿದೆ. ಆ ದಿನಗಳಿಗೆ ನನಗೆ ಸಂಬಳ ಕೊಡುವವರು ಯಾರು ಅನ್ನುವುದು ಬೇರೆ ಚರ್ಚೆ.

ದಿನಕ್ಕೊಂದು_ಕಂತು (10:10)

ನಾನು ಧಾರಾವಾಹಿಗೆ ಬರೆಯುವವಳು. ನಮ್ಮಲ್ಲಿ ದಿನಕ್ಕೆ ಹನ್ನೆರಡು ದೃಶ್ಯ ತೆಗೆಯುತ್ತಾರೆ. ಮನೆಯಲ್ಲಿ ಸಾವಾದರೂ ಮದುವೆಯಾದರೂ ಅದೇ ಲೈಟು. ನಾನು ಒಮ್ಮೆ "ಮಬ್ಬು ಬೆಳಕು" ಅಂತ ಬರೆದೆ, ಸೆಟ್‌ನಿಂದ ಫೋನ್ ಮಾಡಿ "ಮೇಡಂ, ಟಿವಿಯಲ್ಲಿ ಮುಖ ಕಾಣಲ್ಲ ಅಂತಾರೆ, ತೆಗೆದುಬಿಡ್ತೀವಿ" ಅಂದರು. ನಿಮ್ಮ ಚರ್ಚೆ ಓದಿ ಹೊಟ್ಟೆ ಉರಿಯುತ್ತಿದೆ.

ನನ್ನದು ಬೇರೆ ಸಮಸ್ಯೆ. ಆಸ್ಪತ್ರೆ ಸೆಟ್‌ನಲ್ಲಿ ಟ್ಯೂಬ್‌ಲೈಟ್ ಕೆಳಗೆ ಎಲ್ಲರ ಮುಖ ಹಸಿರು. ನಾನು ಬರೆದದ್ದು "ಬಿಳಿ" ಅಂತಲೇ. ಇದಕ್ಕೂ ಟಿಪ್ಪಣಿ ಬರೆಯಬೇಕಾ?

ಲೈಟ್_ಬಸಣ್ಣ (10:25)

ಅದು ಟಿಪ್ಪಣಿ ವಿಷಯ ಅಲ್ಲಮ್ಮಾ, ಅಂಗಡಿ ವಿಷಯ. ಅಗ್ಗದ ಟ್ಯೂಬ್ ಹಸಿರು ಕಕ್ಕುತ್ತದೆ. ಎಲ್ಲಾ ಟ್ಯೂಬೂ ಒಂದೇ ಕಂಪನಿಯದ್ದಾದರೆ ಡಿಐನಲ್ಲಿ ಒಂದೇ ಏಟಿಗೆ ತೆಗೆಯುತ್ತಾರೆ. ಸೆಟ್‌ನಲ್ಲಿ ನಾಲ್ಕು ಅದು, ಎರಡು ಇದು, ಜೊತೆಗೆ ನಮ್ಮ ಲೈಟು ಅಂತ ಕಲಸಿದ್ದರೆ ಹಸಿರು ತೆಗೆದ ಕಡೆ ಇನ್ನೊಬ್ಬರ ಕೆನ್ನೆ ನೇರಳೆ ಆಗುತ್ತದೆ. ಮೈನಸ್ ಗ್ರೀನ್ ಪೇಪರ್ ಟ್ಯೂಬಿಗೆ ಸುತ್ತಿಸಿ.

ದಿನಕ್ಕೊಂದು_ಕಂತು (10:27)

ಮೂವತ್ತೆರಡು ಟ್ಯೂಬಿದೆ ಬಸಣ್ಣ. ಸುತ್ತೋರು ಯಾರು?

ಕತ್ತಲೆ_ಕೋಣೆ (11:15)

ಮುಖ್ಯ ವಿಷಯಕ್ಕೆ ಬರೋಣ. ನಾನು ನಿನ್ನೆ ಹೇಳದ ಇನ್ನೊಂದು ತೊಡಕಿದೆ.

ಬಸಣ್ಣನೂ ನಾನೂ ಒಂದೇ ಸ್ಕ್ರಿಪ್ಟ್ ಓದಿದರೂ ಒಂದೇ ಸಾಲಿನಲ್ಲಿ ಸಿನಿಮಾ ನೋಡುವುದಿಲ್ಲ. ಬಸಣ್ಣ ಶೆಡ್ಯೂಲ್ ಪ್ರಕಾರ ನೋಡುತ್ತಾರೆ. ಅಡುಗೆಮನೆ ಅಂದರೆ 3ನೇ ದೃಶ್ಯದ ಹಗಲು, 14ನೇ ದೃಶ್ಯದ ರಾತ್ರಿ, 19ನೇ ದೃಶ್ಯದ ಬೆಳಗಿನ ಜಾವ, ಎಲ್ಲಾ ಒಂದೇ ದಿನ. ಅವರಿಗೆ ಬೇಕಾದ್ದು ಈ ದೃಶ್ಯದಲ್ಲಿ ಯಾವ ಬೆಳಕು ಹೊತ್ತಿದೆ, ಯಾವುದು ಆರಿದೆ ಅನ್ನುವುದು. ನಾನು ಎಡಿಟ್ ಆದ ಕ್ರಮದಲ್ಲಿ ನೋಡುತ್ತೇನೆ. ನನಗೆ 13 ಮುಗಿದು 14 ಬರುವಾಗ ಕಣ್ಣಿಗೆ ಏನಾಗಬೇಕು ಅನ್ನುವುದು ಬೇಕು. "13ಕ್ಕಿಂತ ತಣ್ಣಗೆ, ಆದರೆ 15ರಷ್ಟು ಅಲ್ಲ" ಅಂತ ಬರೆದರೆ ನನಗೆ ಕೆಲ್ವಿನ್ ಬರೆದದ್ದಕ್ಕಿಂತ ನೂರು ಪಾಲು ಉಪಯೋಗ. ಬಸಣ್ಣನಿಗೆ ಅದೇ ಸಾಲು ಪ್ರಯೋಜನವಿಲ್ಲ. 15ನ್ನು ಅವರು ಇನ್ನೂ ತೆಗೆದೇ ಇರಲ್ಲ.

ಅದಕ್ಕೇ ಒಂದೇ ಟಿಪ್ಪಣಿಯಲ್ಲಿ ಅವರ ಸಾಲು ಬೇರೆ, ನನ್ನ ಸಾಲು ಬೇರೆ ಇರಲಿ. ಇಬ್ಬರ ಕಣ್ಣಿಗೂ ಎರಡೂ ಬೀಳಲಿ. ಪಕ್ಕದವರು ಏನು ಮಾಡುತ್ತಿದ್ದಾರೆ ಅಂತ ಗೊತ್ತಿದ್ದರೆ ಅದನ್ನೇ ನಾವು ಮತ್ತೆ ಮಾಡಲ್ಲ.

ಯಾರಿಗೆ ಯಾವುದು ಬಿಡಬೇಕು ಅಂದರೆ, ಒಂದೇ ಫ್ರೇಮಿನಲ್ಲಿ ಎರಡು ಬಣ್ಣದ ಬೆಳಕು ಬೇಕಿದ್ದರೆ ಅದು ಲೈಟಿನವರ ಪಾಲು. ಇಡೀ ಫ್ರೇಮ್ ಒಟ್ಟಿಗೆ ಸ್ವಲ್ಪ ಬಿಸಿಯೋ ತಣ್ಣಗೋ ಆಗಬೇಕಿದ್ದರೆ, ಬಣ್ಣ ಸ್ವಲ್ಪ ಮಾಸಬೇಕಿದ್ದರೆ ನನಗೆ ಬಿಡಿ. ಸೆಟ್‌ನಲ್ಲಿ ಇಡೀ ಫ್ರೇಮಿಗೆ ದಟ್ಟ ಬಣ್ಣ ಹಾಕಿ ತಂದರೆ ನನಗೆ ಹಿಂದೆ ಹೋಗಲು ದಾರಿ ಇರಲ್ಲ.

ಮಳೆ_ಹುಡುಗ (11:50)

ಅರ್ಥವಾಯಿತು ಮೇಡಂ. ಮತ್ತೊಮ್ಮೆ ಪ್ರಯತ್ನ:

```
.ಒಳಗೆ ಅಡುಗೆಮನೆ - ರಾತ್ರಿ #14#

[[ಬೆಳಕು: ಕರೆಂಟಿಲ್ಲ. ಒಲೆ, ಕಿಟಕಿ - ಎರಡೇ.
ಸೆಟ್: ಅಮ್ಮ ಒಲೆ ಬೆಳಕಲ್ಲಿ, ಮಗಳು ಕಿಟಕಿ ನೀಲಿಯಲ್ಲಿ. ಫಿಲ್‌ಗೆ ನೀಲಿ ಬೇಡ.
ಡಿಐ: ನೀಲಿ ಸೆಟ್‌ನಲ್ಲೇ ಇದೆ, ಸೇರಿಸಬೇಡಿ. 13ಕ್ಕಿಂತ ತಣ್ಣಗೆ, 15ರಷ್ಟಲ್ಲ.
ಕೆಡಬಾರದು: ಅಮ್ಮನ ಕುಂಕುಮ ಕೆಂಪು.]]
```

ಲೈಟ್_ಬಸಣ್ಣ (12:02)

ಈಗ ಓದಿದರೆ ಕೆಲಸ ಕಾಣುತ್ತದೆ. ಒಂದು ಅನುಮಾನ. ಮಗಳು ಮಾತಾಡುತ್ತಾ ಒಲೆ ಹತ್ತಿರ ಬರುತ್ತಾಳಾ, ಕಿಟಕಿ ಹತ್ತಿರವೇ ಇರುತ್ತಾಳಾ? ಬಂದರೆ ನಡುವೆ ಎಲ್ಲಿ ಬಣ್ಣ ಬದಲಾಗಬೇಕು ಅಂತ ನಾನು ಕಟ್ಟರ್ ಹಾಕಿ ನೋಡಬೇಕು.

ಮಳೆ_ಹುಡುಗ (12:06)

ಕೊನೆಗೆ ಬಂದು ಅಮ್ಮನ ಪಕ್ಕ ಕೂರುತ್ತಾಳೆ. ಅದನ್ನೂ ಕ್ರಿಯೆಯ ಸಾಲಲ್ಲೇ ಬರೆದುಬಿಡುತ್ತೇನೆ. ಮಸಿ_ಕುಡಿಕೆ ಸರ್ ಹೇಳಿದ ಹಾಗೆ: "ಮಗಳು ಒಲೆಯ ಬೆಳಕಿನ ಒಳಗೆ ಬಂದು ಕೂರುತ್ತಾಳೆ."

ಮಸಿ_ಕುಡಿಕೆ (12:15)

ಈಗ ಆ ಬ್ರ್ಯಾಕೆಟ್ ಅರ್ಧ ತೆಗೆದರೂ ದೃಶ್ಯ ನಿಲ್ಲುತ್ತದೆ ನೋಡಿ.

ಪೇಪರ್_ರಾಮು (12:40)

ನಾನು ಹೇಳಿದ್ದೆ ಮುಂದೆ ಬೇಕಾಗುತ್ತೆ ಅಂತ. ಈಗ ಕೇಳಿ. ಫೌಂಟನ್‌ನಲ್ಲಿ `[[ ]]` ಒಳಗೆ ಬರೆದದ್ದು ಎಷ್ಟೋ ಆಪ್‌ಗಳಲ್ಲಿ ಪಿಡಿಎಫ್‌ಗೆ ಬರಲ್ಲ. ಎಕ್ಸ್‌ಪೋರ್ಟ್ ಮಾಡುವಾಗ ನೋಟ್ಸ್ ಸೇರಿಸು ಅಂತ ಟಿಕ್ ಹಾಕಬೇಕು. ನಮ್ಮ ಒಂದು ಶೂಟ್‌ನಲ್ಲಿ ಬರಹಗಾರರು ಎಲ್ಲಾ ಟಿಪ್ಪಣಿ ಬರೆದಿದ್ದರು, ಸೆಟ್‌ಗೆ ಬಂದ ಪ್ರಿಂಟ್‌ನಲ್ಲಿ ಒಂದೂ ಇರಲಿಲ್ಲ. ಮೂರನೇ ದಿನ ಗೊತ್ತಾಯಿತು. ಟಿಪ್ಪಣಿ ನಡುವೆ ಸುಮ್ನೆ ಖಾಲಿ ಸಾಲು ಬಿಟ್ಟರೂ ಅಲ್ಲಿಗೇ ಒಡೆದುಹೋಗುತ್ತೆ, ಮಿಕ್ಕಿದ್ದು ಸ್ಕ್ರಿಪ್ಟಿನ ಮಾಮೂಲಿ ಸಾಲಿನ ತರಹ ಪ್ರಿಂಟ್ ಆಗುತ್ತೆ. ಖಾಲಿ ಸಾಲು ಬೇಕೇ ಬೇಕು ಅಂದರೆ ಆ ಸಾಲಲ್ಲಿ ಎರಡು ಸ್ಪೇಸ್ ಒತ್ತಬೇಕು.

ಇನ್ನೊಂದು, ಶೂಟ್ ಶುರುವಾದ ಮೇಲೆ ದೃಶ್ಯದ ನಂಬರು ಬದಲಿಸಬೇಡಿ. ನಡುವೆ ಹೊಸ ದೃಶ್ಯ ಬಂದರೆ 14A ಅನ್ನಿ. ಕ್ಲ್ಯಾಪ್‌ನಲ್ಲಿ 14 ಅಂತ ಇರುತ್ತೆ, ಹೊಸ ಪ್ರತಿಯಲ್ಲಿ ಅದು 15 ಆಗಿರುತ್ತೆ. ಕಲರಿಸ್ಟ್ 14ರ ಟಿಪ್ಪಣಿ ಓದಿ ಬೇರೆ ದೃಶ್ಯಕ್ಕೆ ಬಣ್ಣ ಹಾಕ್ತಾರೆ. ಇಲ್ಲಿ ನನ್ನ ನೀಲಿ ಹಾಳೆ, ಗುಲಾಬಿ ಹಾಳೆ ಕೆಲಸಕ್ಕೆ ಬರುತ್ತೆ.

ಕತ್ತಲೆ_ಕೋಣೆ (1:05)

ರಾಮು ಅವರೇ, ನಿನ್ನೆ ನಕ್ಕಿದ್ದಕ್ಕೆ ಕ್ಷಮಿಸಿ. 14, 15 ಅದಲು ಬದಲಾಗಿ ನಾನೇ ಒಮ್ಮೆ ಮದುವೆಮನೆಗೆ ಮಸಣದ ಬಣ್ಣ ಹಾಕಿದ್ದೆ. ಅದಕ್ಕೇ ಈಗ ಎಡಿಟ್ ಕೈಗೆ ಬಂದ ಮೊದಲ ದಿನ ಪ್ರತಿ ದೃಶ್ಯದ ಮೊದಲ ಫ್ರೇಮಿಗೆ ಮಾರ್ಕರ್ ಹಾಕಿ ಸ್ಕ್ರಿಪ್ಟ್ ಟಿಪ್ಪಣಿಯನ್ನು ಅಲ್ಲೇ ಅಂಟಿಸಿಕೊಳ್ಳುತ್ತೇನೆ. ಕ್ಲ್ಯಾಪ್ ನೋಡಿ ನಂಬರು ತಾಳೆ ಹಾಕುವುದೂ ಆಗಲೇ.

ಮಳೆ_ಹುಡುಗ, ಆಗಿರುವುದನ್ನು ಎಷ್ಟು ಸರಿ ಮಾಡಬಹುದು ಅಂತ ನೋಡೋಣ. ನಿಮ್ಮ ಕಲರಿಸ್ಟಿಗೆ ಅವರು ಸೇರಿಸಿದ ನೀಲಿಯ ನೋಡ್ ಮಾತ್ರ ಆಫ್ ಮಾಡಲು ಹೇಳಿ. ಕ್ಯಾಮೆರಾಮನ್ ಹತ್ತಿರ ಆ ಲಟ್‌ನ `.cube` ಫೈಲ್ ಇಸಿದುಕೊಂಡು ಅದನ್ನು ಹಾಕಿ ನೋಡಲಿ. ಆಮೇಲೆ ಅಮ್ಮನ ಕ್ಲೋಸಪ್‌ನಲ್ಲಿ ಪರೇಡ್ ಸ್ಕೋಪ್ ತೆರೆದು ಹಣೆಯ ಜಾಗದಲ್ಲಿ ಕೆಂಪು ಎಷ್ಟು ಎತ್ತರ ಇದೆ ನೋಡಲಿ. ಸ್ವಲ್ಪ ಎತ್ತರ ಇದ್ದರೆ ಎಳೆದು ತರಬಹುದು. ನೆಲಕ್ಕೆ ಅಂಟಿಕೊಂಡಿದ್ದರೆ ಅಲ್ಲಿ ಏನೂ ಇಲ್ಲ ಅಂತ ಅರ್ಥ. ಎಳೆದರೆ ಬರುವುದು ಬರೀ ನಾಯ್ಸ್.

ಮಳೆ_ಹುಡುಗ (ಮಂಗಳವಾರ, ಸಂಜೆ 6:20)

ಇವತ್ತು ಹೋಗಿ ಕೂತು ಮಾಡಿಸಿದೆ. ನೀಲಿ ನೋಡ್ ಆಫ್ ಮಾಡಿ ಲಟ್ ಹಾಕಿದ ಕೂಡಲೇ ಬೆಂಕಿ ಮತ್ತೆ ಬೆಂಕಿಯ ಬಣ್ಣಕ್ಕೆ ಬಂತು. ಮಗಳ ಶಾಟ್‌ಗಳು ಈಗ ನಿಜವಾಗಲೂ ಚೆನ್ನಾಗಿವೆ. ಅವಳು ಕಿಟಕಿ ಪಕ್ಕ ಇದ್ದಾಳೆ, ಅವಳಿಗೆ ಆ ನೀಲಿ ಒಪ್ಪುತ್ತದೆ. ವೈಡ್ ಶಾಟ್ ಕೂಡ ನಡೆಯುತ್ತದೆ, ಅಮ್ಮ ಅಷ್ಟು ದೂರದಲ್ಲಿ ಸಣ್ಣಗೆ ಕಾಣುತ್ತಾಳೆ.

ಅಮ್ಮನ ಎರಡು ಕ್ಲೋಸಪ್ ಮಾತ್ರ ಸರಿಯಾಗಲಿಲ್ಲ. ಸ್ಕೋಪ್‌ನಲ್ಲಿ ಕುಂಕುಮದ ಜಾಗದಲ್ಲಿ ಕೆಂಪು ನೆಲದಲ್ಲೇ ಮಲಗಿದೆ. ಎಳೆದರೆ ಮೇಡಂ ಹೇಳಿದ ಹಾಗೆ ಹಣೆ ತುಂಬಾ ಸಾಸಿವೆ ಎರಚಿದ ಹಾಗೆ ಕಾಳು ಕಾಳು.

ಸಿನಿಮಾ_ಹುಚ್ಚ (6:31)

ಟ್ರ್ಯಾಕ್ ಮಾಡಿ ಕುಂಕುಮಕ್ಕೆ ಕೆಂಪು ಬಣ್ಣ ಬಳಿದುಬಿಡಿ. ಒಂದು ಬೊಟ್ಟು ತಾನೇ.

ಕತ್ತಲೆ_ಕೋಣೆ (6:48)

ಇದು ಮಾಡಬಹುದು, ಕ್ಲೋಸಪ್ ಆದ್ದರಿಂದ ಟ್ರ್ಯಾಕ್ ಹಿಡಿಯುತ್ತದೆ. ಆದರೆ ಮುಖ ನೀಲಿ, ಬೊಟ್ಟು ಮಾತ್ರ ಕೆಂಪು ಆದರೆ ಸ್ಟಿಕ್ಕರ್ ಅಂಟಿಸಿದ ಹಾಗೆ ಕಾಣಬಹುದು. ಮಾಡಿ ನೋಡದೆ ಹೇಳಲಾರೆ.

ಮೋಡ_ಕವಿದಿದೆ (7:02)

ಎರಡೇ ಕ್ಲೋಸಪ್ ಆದರೆ ಮತ್ತೆ ತೆಗೆದುಬಿಡಿ. ಮುಖ, ಹಿಂದೆ ಮಸಿ ಹಿಡಿದ ಗೋಡೆ, ಅಂಚಿನಲ್ಲಿ ಕಿಟಕಿಯ ನೀಲಿ ಒಂದು ಗೆರೆ. ಆ ಗೆರೆಗೆ ಮಾತ್ರ ಹಳೇ ಫುಲ್ ಸಿಟಿಬಿಯನ್ನೇ ಹಾಕಿ, ಅರ್ಧದ್ದು ಬೇಡ. ಉಳಿದ ಶಾಟ್‌ಗಳಿಗೆ ಕೂಡಿಕೊಳ್ಳಬೇಕಲ್ಲ. ಕ್ಯಾಮೆರಾ 3200, ಲೆನ್ಸ್ ಅದೇ. ಮತ್ತೆ ದಯವಿಟ್ಟು ಈ ಸಲ ಚಾರ್ಟ್ ಹಿಡಿಯಿರಿ. ಒಲೆ ಬೆಳಕಲ್ಲಿ ಒಮ್ಮೆ, ಕಿಟಕಿ ಬೆಳಕಲ್ಲಿ ಒಮ್ಮೆ, ಮತ್ತೊಮ್ಮೆ ಎಲ್ಲಾ ಆರಿಸಿ ಬರೀ ಬಿಳಿ ಟಂಗ್‌ಸ್ಟನ್ ಕೆಳಗೆ. ಮೂರನೆಯದ್ದು ಕಲರಿಸ್ಟಿಗೆ ನಿಜವಾದ ಬಿಳಿ ತೋರಿಸುತ್ತದೆ. ಮೊದಲೆರಡು ನೀವು ಬೇಕೆಂದೇ ಎಷ್ಟು ಬಣ್ಣ ಹಾಕಿದ್ದೀರಿ ಅಂತ ತೋರಿಸುತ್ತವೆ.

ಮಳೆ_ಹುಡುಗ (7:15)

ಮುಂದಿನ ಭಾನುವಾರ ದೊಡ್ಡಪ್ಪನ ಮನೆ ಖಾಲಿ ಇದೆ. ಅಮ್ಮನ ಪಾತ್ರ ಮಾಡಿದವರೂ ಬರುತ್ತೇನೆ ಅಂದಿದ್ದಾರೆ. ಬಸಣ್ಣ, ನೂರು ವ್ಯಾಟಿನ ಹಳೇ ಬಲ್ಬ್ ಈಗ ಎಲ್ಲಿ ಸಿಗುತ್ತದೆ? ನಮ್ಮೂರ ಅಂಗಡಿಯಲ್ಲಿ ಕೇಳಿದರೆ ಎಲ್‌ಇಡಿ ಕೊಟ್ಟರು.

ಲೈಟ್_ಬಸಣ್ಣ (9:30)

ಎಲ್‌ಇಡಿ ಬೇಡ. ಇಳಿಸಿದರೆ ಕೆಂಪಾಗಲ್ಲ, ಸುಮ್ನೆ ಮಂಕಾಗುತ್ತದೆ. ಕೆಲವು ಮಿಟುಕುತ್ತವೆ ಬೇರೆ. ಸಾಗರದಲ್ಲಿ ಹಳೇ ಎಲೆಕ್ಟ್ರಿಕಲ್ ಅಂಗಡಿ ಹುಡುಕು, ಕೋಳಿ ಮರಿಗೆ ಶಾಖ ಕೊಡೋ ಬಲ್ಬ್ ಕೊಡಿ ಅಂತ ಕೇಳು, ಒಳಗಿನಿಂದ ತೆಗೆದುಕೊಡುತ್ತಾರೆ. ಸಿಗದಿದ್ದರೆ ನನ್ನ ಪೆಟ್ಟಿಗೆಯಲ್ಲಿ ನಾಲ್ಕಿದೆ, ಬಸ್ಸಿಗೆ ಹಾಕುತ್ತೇನೆ. ಮತ್ತೆ ಸೌದೆ ಈಗಲೇ ಒಳಗೆ ತಂದು ಅಟ್ಟದ ಮೇಲೆ ಒಣಗಿಸಿಡು.